ವಿರಾಟನ ಸಭೆಯಲ್ಲಿ ಭೀಮ ಯಾಕೆ ಏಳಲಿಲ್ಲ

ವಿರಾಟನ ಸಭೆ ತುಂಬಿದೆ. ಸೈರಂಧ್ರಿ ಓಡಿ ಬರುತ್ತಾಳೆ. ಹಿಂದೆಯೇ ಕೀಚಕ ಬರುತ್ತಾನೆ. ಅವಳ ಮುಡಿಗೆ ಕೈ ಹಾಕಿ ನೆಲಕ್ಕೆ ಕೆಡವುತ್ತಾನೆ, ದೊರೆಯ ಕಣ್ಣೆದುರೇ ಕಾಲಿನಿಂದ ಒದೆಯುತ್ತಾನೆ. ಕಂಕಭಟ್ಟ ಅಲ್ಲೇ ಕೂತಿದ್ದಾನೆ. ಅಡುಗೆಯ ವಲಲನೂ ಇದ್ದಾನೆ. ಇಬ್ಬರೂ ಅವಳ ಗಂಡಂದಿರು. ಭೀಮ ಹಲ್ಲು ಕಡಿಯುತ್ತಾನೆ, ಹಣೆಯಲ್ಲಿ ಬೆವರು ಇಳಿಯುತ್ತದೆ, ಇನ್ನೇನು ಏಳಬೇಕು. ಆಗ ಧರ್ಮರಾಯ ತನ್ನ ಹೆಬ್ಬೆರಳಿನಿಂದ ಅವನ ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಾನೆ.

ಅಷ್ಟೇ. ಭೀಮ ಏಳಲಿಲ್ಲ.

ಮಹಾಭಾರತದ ಕೆಲವು ಪಾಠಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಭೀಮನ ಕಣ್ಣು ಹೊರಗಿನ ಮರವೊಂದರ ಮೇಲೆ ಬೀಳುತ್ತದೆ. ಅದನ್ನು ಕಿತ್ತು ಹೊಡೆಯಬೇಕು ಅನ್ನೋದು ಅವನ ಯೋಚನೆ. ಅದು ಅಣ್ಣನಿಗೆ ತಕ್ಷಣ ಗೊತ್ತಾಗುತ್ತದೆ. "ಏನಯ್ಯಾ ಅಡುಗೆಯವನೇ, ಸೌದೆಗೆ ಮರ ನೋಡ್ತಿದ್ದೀಯಾ? ಸೌದೆ ಬೇಕಿದ್ದರೆ ಹೊರಗೆ ಹೋಗಿ ಕಡಿ" ಎನ್ನುತ್ತಾನೆ. ಕೇಳಿದವರಿಗೆ ಇದು ಕೆಲಸದವನಿಗೆ ಹೇಳಿದ ಮಾತು. ಭೀಮನಿಗೆ ಮಾತ್ರ ಅದರೊಳಗಿನ "ಇಲ್ಲಿ ಬೇಡ" ಕೇಳಿಸುತ್ತದೆ.

ಈ ಜಾಗ ಓದುವಾಗ ಬಹಳ ಜನಕ್ಕೆ ಧರ್ಮರಾಯನ ಮೇಲೆ ಸಿಟ್ಟು ಬರುತ್ತದೆ. ನನಗೂ ಬರುತ್ತದೆ. ಆದರೆ ಆ ಹೆಬ್ಬೆರಳು ಏನನ್ನು ತಡೆಯುತ್ತಿತ್ತು ಅಂತ ತಿಳಿಯಬೇಕಾದರೆ ಅಜ್ಞಾತವಾಸದ ಕರಾರನ್ನು ಒಮ್ಮೆ ಸರಿಯಾಗಿ ನೋಡಬೇಕು.

ಎರಡನೇ ಸಲದ ಪಗಡೆಯಾಟಕ್ಕೆ ಇಟ್ಟ ಪಣ ಹೀಗಿತ್ತು. ಸೋತವರು ಹನ್ನೆರಡು ವರ್ಷ ಕಾಡಿನಲ್ಲಿರಬೇಕು. ಹದಿಮೂರನೇ ವರ್ಷ ಜನರ ನಡುವೆಯೇ, ಯಾರಿಗೂ ಗುರುತು ಸಿಗದಂತೆ ಇರಬೇಕು. ಆ ಒಂದು ವರ್ಷದಲ್ಲಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಮೊದಲ ಹನ್ನೆರಡು ವರ್ಷ ಕಷ್ಟ ಇರಬಹುದು, ಆದರೆ ಅಲ್ಲಿ ತಪ್ಪು ಮಾಡಿದರೆ ತಿದ್ದಿಕೊಳ್ಳಬಹುದು. ಕೂಗಾಡಬಹುದು, ಜಗಳ ಆಡಬಹುದು, ರಾಕ್ಷಸರನ್ನು ಕೊಲ್ಲಬಹುದು. ಹದಿಮೂರನೇ ವರ್ಷಕ್ಕೆ ಆ ಅವಕಾಶವೇ ಇಲ್ಲ. ಒಂದು ಗಳಿಗೆ ಮೈಮರೆತರೂ ಹಿಂದಿನ ಅಷ್ಟೂ ವರ್ಷದ ತಾಳ್ಮೆ ನೀರು ಪಾಲು. ಕೀಚಕ ಒದ್ದ ದಿನದ ಹೊತ್ತಿಗೆ ಸುಮಾರು ಹತ್ತು ತಿಂಗಳು ಕಳೆದಿತ್ತು. ದಡ ಕಾಣುತ್ತಿತ್ತು.

ಯಾರಿಗೂ ನಿಮ್ಮ ಗುರುತು ಸಿಗದಿರಲಿ ಅಂತ ಯಕ್ಷಪ್ರಶ್ನೆಯ ಕೊನೆಯಲ್ಲಿ ಯಮಧರ್ಮ ವರ ಕೊಟ್ಟಿದ್ದ. ಆದರೂ ಪಾಂಡವರು ವರವನ್ನೇ ನಂಬಿ ಕೂರಲಿಲ್ಲ. ಅವರ ತಯಾರಿ ನೋಡಿದರೆ ಇದು ತಿಳಿಯುತ್ತದೆ. ಮೊದಲ ಸಮಸ್ಯೆ ಆಯುಧಗಳದ್ದು. ಗಾಂಡೀವ ಹಿಡಿದು ಊರೊಳಗೆ ಹೋದರೆ ಮುಗಿಯಿತು, ಆ ಬಿಲ್ಲನ್ನು ಗುರುತಿಸದವರು ಯಾರು? ಮತ್ಸ್ಯದೇಶದ ರಾಜಧಾನಿಯ ಹೊರಗೆ, ಸ್ಮಶಾನದ ಹತ್ತಿರ ಒಂದು ದೊಡ್ಡ ಶಮೀಮರ ಇತ್ತು. ನಮ್ಮ ಬನ್ನಿಮರ ಅದೇ. ಬಿಲ್ಲುಗಳ ಹೆದೆ ಬಿಚ್ಚಿ, ಎಲ್ಲವನ್ನೂ ಕಟ್ಟಿ, ನಕುಲ ಮರ ಹತ್ತಿ ಮೇಲಿಟ್ಟ. ಜೊತೆಗೆ ಒಂದು ಹೆಣವನ್ನೂ ಕಟ್ಟಿದರು. ದೂರದಿಂದಲೇ ನಾತ ಬಡಿದರೆ ಯಾರೂ ಹತ್ತಿರ ಬರಲ್ಲ ಅನ್ನೋ ಲೆಕ್ಕ. ದಾರಿಯಲ್ಲಿ ದನಕಾಯುವವರು ಕೇಳಿದ್ದಕ್ಕೆ, "ಇದು ನಮ್ಮ ತಾಯಿ, ನೂರಾ ಎಂಬತ್ತು ವರ್ಷ ಆಗಿತ್ತು, ಹೆಣವನ್ನು ಮರಕ್ಕೆ ಕಟ್ಟೋದು ನಮ್ಮ ಕುಲದ ಪದ್ಧತಿ" ಅಂದರು. ವಿಜಯದಶಮಿಯ ದಿನ ಬನ್ನಿ ಕೊಟ್ಟು "ಬಂಗಾರದ ಹಾಗೆ ಇರೋಣ" ಅನ್ನುವಾಗ ಈ ಮರದ ನೆನಪು ನಮ್ಮಲ್ಲಿ ಇದ್ದೇ ಇರುತ್ತದೆ. ಆ ಹೆಣದ ನೆನಪು ಮಾತ್ರ ಯಾರಿಗೂ ಬರಲ್ಲ.

ಇನ್ನು ವೇಷ. ಇಲ್ಲಿ ಪಾಂಡವರು ಮಾಡಿದ ಆಯ್ಕೆ ಬಹಳ ಜಾಣತನದ್ದು. ಯಾರೂ ತನಗೆ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಲಿಲ್ಲ. ಪಗಡೆಯ ಹುಚ್ಚಿದ್ದ ಧರ್ಮರಾಯ ದೊರೆಯ ಜೊತೆ ಪಗಡೆಯಾಡುವ ಕಂಕಭಟ್ಟನಾದ. ಊಟದ ಪ್ರೀತಿಯ ಭೀಮ ಅಡುಗೆಮನೆ ಸೇರಿದ. ಸಂಸ್ಕೃತದಲ್ಲಿ ಅವನು ಬಲ್ಲವ, ಕನ್ನಡದವರಿಗೆ ವಲಲ. ಇಂದ್ರಲೋಕದಲ್ಲಿ ಹಾಡು, ಕುಣಿತ ಕಲಿತಿದ್ದ ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿ ಉತ್ತರೆಗೆ ಪಾಠ ಹೇಳಿದ. ನಕುಲ ಕುದುರೆ ಲಾಯಕ್ಕೆ, ಸಹದೇವ ದನದ ಕೊಟ್ಟಿಗೆಗೆ ಹೋದರು. ದ್ರೌಪದಿ ರಾಣಿ ಸುದೇಷ್ಣೆಯ ತಲೆ ಬಾಚಿ ಗಂಧ ತೇಯುವ ಸೈರಂಧ್ರಿಯಾದಳು.

ಅರ್ಜುನನ ವೇಷದ ಒಂದು ಸಣ್ಣ ವಿವರ ನೋಡಿ. ಅವನ ಎರಡೂ ತೋಳುಗಳಲ್ಲಿ ಹೆದೆ ತಾಗಿ ತಾಗಿ ಬಿದ್ದ ಗಟ್ಟಿ ಗಾಯದ ಗುರುತುಗಳಿದ್ದವು. ಎರಡೂ ಕೈಯಲ್ಲಿ ಬಾಣ ಬಿಡುವ ಸವ್ಯಸಾಚಿ ಅಲ್ವಾ, ಗುರುತು ಎರಡೂ ಕಡೆ. ಮುಖ ಮರೆಸಬಹುದು, ಇದನ್ನು ಮರೆಸೋದು ಹೇಗೆ? "ಬಳೆಗಳಿಂದ ಮುಚ್ಚುತ್ತೇನೆ" ಅಂತ ಅವನೇ ಹೇಳುತ್ತಾನೆ. ಊರ್ವಶಿಯ ಶಾಪದ ಕಥೆ ನಮಗೆಲ್ಲ ಗೊತ್ತು, ಅದರಿಂದ ಈ ರೂಪ ಬಂತು ಅಂತ ಹೇಳುತ್ತೇವೆ. ಆದರೆ ಬಳೆ ತೊಡಲು ಶಾಪಕ್ಕಿಂತ ಹತ್ತಿರದ ಕಾರಣ ಆ ಗಾಯಗಳು.

ಅವರು ಹೇಳಿಕೊಂಡ ಹಳೆಯ ಪರಿಚಯವೂ ಹಾಗೆಯೇ, ಲೆಕ್ಕ ಹಾಕಿ ಹೇಳಿದ್ದು. ನಾನು ಯುಧಿಷ್ಠಿರನ ಗೆಳೆಯನಾಗಿದ್ದೆ ಅಂದ ಕಂಕ. ನನ್ನ ಕೈರುಚಿಯನ್ನು ಯುಧಿಷ್ಠಿರ ಮೆಚ್ಚುತ್ತಿದ್ದ ಅಂದ ವಲಲ. ಅವನ ದನಗಳ ಲೆಕ್ಕ ಇಡುತ್ತಿದ್ದೆ ಅಂದ ಸಹದೇವ. ದ್ರೌಪದಿಯ ಬಳಿ ಕೆಲಸಕ್ಕಿದ್ದೆ ಅಂದಳು ದ್ರೌಪದಿ. ಪಾಂಡವರ ಮನೆಯ ಹೆಸರು ಹೇಳೋದು ಅಪಾಯ ಅಂತ ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಯೋಚಿಸಿ. ಆ ಮನೆ ಮುರಿದು ಹನ್ನೆರಡು ವರ್ಷ ಆಗಿದೆ. ಅಲ್ಲಿನ ನೂರಾರು ಕೆಲಸದವರು ದಿಕ್ಕಾಪಾಲಾಗಿದ್ದಾರೆ. ಹೌದೋ ಅಲ್ಲವೋ ಅಂತ ಕೇಳಿ ನೋಡಲು ಒಡೆಯನೇ ಊರಲ್ಲಿಲ್ಲ. ಜೊತೆಗೆ ಇವರ ನಡೆ ನುಡಿಯಲ್ಲಿ ರಾಜಮನೆತನದ ಗತ್ತು ಕಂಡರೆ ಅದಕ್ಕೂ ಉತ್ತರ ಸಿಕ್ಕಿತು. ದೊಡ್ಡ ಮನೆಯಲ್ಲಿ ಇದ್ದು ಬಂದವರು, ಅಷ್ಟೇ.

ಅಷ್ಟಾದರೂ ವಿರಾಟನಿಗೆ ಅನುಮಾನ ಬಂದೇ ಬಂತು. ಒಬ್ಬೊಬ್ಬರು ಬಂದಾಗಲೂ ಅವನದು ಹೆಚ್ಚು ಕಡಿಮೆ ಅದೇ ಮಾತು. ನೀನು ಅಡುಗೆಯವನು ಅಂದರೆ ನಂಬಿಕೆ ಬರಲ್ಲ, ನಿನ್ನನ್ನು ನೋಡಿದರೆ ರಾಜನ ಹಾಗಿದ್ದೀಯಾ. ಅಂದರೆ ವೇಷ ಪೂರ್ತಿ ಮುಚ್ಚಲೇ ಇಲ್ಲ. ಆದರೂ ಅದು ಸಾಕಾಯಿತು. ರಾಜನ ಹಾಗೆ ಕಾಣುವವನು ಸೌಟು ಹಿಡಿಯಲು ಒಪ್ಪುತ್ತಾನೆ ಅಂತ ಯಾರಿಗೂ ಹೊಳೆಯಲ್ಲ. ಹೊರಡುವ ಮುಂಚೆ ಪುರೋಹಿತ ಧೌಮ್ಯ ಕೊಟ್ಟ ಬುದ್ಧಿಮಾತೆಲ್ಲ ಇದರ ಬಗ್ಗೆಯೇ. ದೊರೆ ಕೇಳದೆ ಸಲಹೆ ಕೊಡಬೇಡಿ. ಅವನ ಆಸನದಲ್ಲಿ, ವಾಹನದಲ್ಲಿ ಕೂರಬೇಡಿ. ಪಕ್ಕದಲ್ಲಿ ಕೂರಿ, ಎದುರಿಗೆ ಬೇಡ. ನಗು ಬಂದರೆ ಜೋರಾಗಿ ನಗಬೇಡಿ. ದೊರೆಗೆ ನಾನು ಬೇಕಾದವನು ಅಂತ ಬೀಗಬೇಡಿ. ಹುಟ್ಟಿನಿಂದ ಆಸನದ ಮೇಲೆ ಕೂತವರಿಗೆ ಇದು ಅಭ್ಯಾಸವೇ ಇಲ್ಲ. ಮುಖಕ್ಕಿಂತ ಜಾಸ್ತಿ ಅಡಗಿಸಬೇಕಾದದ್ದು ಈ ಅಭ್ಯಾಸಗಳನ್ನು.

ಆ ವರ್ಷದ ಮೊದಲ ತಿಂಗಳುಗಳ ಬಗ್ಗೆ ವ್ಯಾಸಭಾರತದಲ್ಲಿ ಒಂದು ಪುಟ್ಟ ಚಿತ್ರ ಇದೆ. ನನಗೆ ಇಡೀ ಪರ್ವದಲ್ಲೇ ಅದು ಬಹಳ ಇಷ್ಟ. ಧರ್ಮರಾಯ ಪಗಡೆಯಲ್ಲಿ ಗೆದ್ದ ಹಣವನ್ನು ವಿರಾಟನಿಗೆ ಗೊತ್ತಾಗದಂತೆ ತಮ್ಮಂದಿರಿಗೆ ಹಂಚುತ್ತಾನೆ. ಭೀಮ ಅರಮನೆಯಲ್ಲಿ ಸಿಕ್ಕ ಮಾಂಸ, ತಿಂಡಿಗಳನ್ನು ತಂದು ಅಣ್ಣನಿಗೆ ಮಾರುತ್ತಾನೆ. ಅರ್ಜುನ ಅಂತಃಪುರದಲ್ಲಿ ಸಿಕ್ಕ ಹಳೆಯ ಬಟ್ಟೆಗಳನ್ನು ಮಾರುವ ನೆಪದಲ್ಲಿ ಎಲ್ಲರಿಗೂ ಕೊಡುತ್ತಾನೆ. ಸಹದೇವ ಹಾಲು, ಮೊಸರು, ತುಪ್ಪ ತಂದುಕೊಡುತ್ತಾನೆ. ಸುಮ್ನೆ ಕೊಟ್ಟರೆ ಇವರಿಗೇನು ಸಂಬಂಧ ಅಂತ ಯಾರಾದರೂ ಕೇಳುತ್ತಾರೆ. ಮಾರಿದರೆ ಕೇಳಲ್ಲ. ಅಣ್ಣ ತಮ್ಮಂದಿರು ಒಂದೇ ಅರಮನೆಯಲ್ಲಿದ್ದು, ಒಬ್ಬರ ಮುಖ ಒಬ್ಬರು ನೋಡಲು ವ್ಯಾಪಾರದ ನೆಪ ಹುಡುಕಬೇಕಾಗಿತ್ತು.

ದ್ರೌಪದಿಗೆ ಆ ನೆಪವೂ ಕಷ್ಟ. ಈ ವರ್ಷದ ಭಾರ ಆರು ಜನರ ಮೇಲೆ ಸಮನಾಗಿ ಬೀಳಲಿಲ್ಲ. ಗಂಡಸರು ತಮಗಿಷ್ಟದ ಕೆಲಸದೊಳಗೆ ಅಡಗಿದರು. ಕುದುರೆ ಮೈ ತಿಕ್ಕುವಾಗ ನಕುಲನಿಗೆ ಖುಷಿಯೂ ಇದ್ದಿರಬಹುದು. ಇವಳು ಅಡಗಿದ್ದು ಇನ್ನೊಬ್ಬ ಹೆಂಗಸಿನ ಸೇವೆಯಲ್ಲಿ. ಎಂಜಲು ತಿನ್ನಲ್ಲ, ಯಾರ ಕಾಲೂ ತೊಳೆಯಲ್ಲ ಅಂತ ಎರಡು ಷರತ್ತು ಹಾಕಿ ಒಳಗೆ ಬಂದಿದ್ದಳು. ನನಗೆ ಐದು ಜನ ಗಂಧರ್ವ ಗಂಡಂದಿರಿದ್ದಾರೆ, ಮುಟ್ಟಿದವರನ್ನು ಬಿಡಲ್ಲ ಅಂತ ಮೊದಲೇ ಹೇಳಿದ್ದಳು. ಕೀಚಕ ರಾಣಿಯ ತಮ್ಮ, ಮತ್ಸ್ಯದೇಶದ ಸೇನಾಪತಿ. ಅವನು ಈ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸುದೇಷ್ಣೆಯೇ ಹೆಂಡ ತರುವ ನೆಪ ಮಾಡಿ ಅವಳನ್ನು ಅವನ ಮನೆಗೆ ಕಳಿಸಿದಳು. ಅಲ್ಲಿಂದ ತಪ್ಪಿಸಿಕೊಂಡು ಓಡಿ ಬಂದಾಗ ನಡೆದದ್ದೇ ಸಭೆಯ ಆ ಒದೆ.

ಅವಳು ಸಭೆಯನ್ನು ಕೇಳುತ್ತಾಳೆ, ದೊರೆಯನ್ನು ಕೇಳುತ್ತಾಳೆ. ವಿರಾಟ ಸೇನಾಪತಿಗೆ ಹೆದರಿ ನ್ಯಾಯ ಕೊಡಲ್ಲ. ಕೊನೆಗೆ ಕಂಕಭಟ್ಟ ಮಾತಾಡುತ್ತಾನೆ. "ಹೋಗು ಸೈರಂಧ್ರಿ, ರಾಣಿಯ ಮನೆಗೆ ಹೋಗು. ನಿನಗೆ ಕಾಲ ಗೊತ್ತಿಲ್ಲ. ನಾಟಕದವಳ ಹಾಗೆ ಓಡಾಡಿಕೊಂಡು ಅಳ್ತಿದ್ದೀಯ, ಪಗಡೆಯಾಟಕ್ಕೆ ಅಡ್ಡಿ ಆಗ್ತಿದೆ." ಆ ಸಭೆಯಲ್ಲಿ ನಾಟಕ ಆಡುತ್ತಿದ್ದವನು ಅವನು. ಅವಳ ಅಳು ಮಾತ್ರ ನಿಜ. "ಕಾಲ ಗೊತ್ತಿಲ್ಲ" ಅನ್ನೋದರಲ್ಲಿ ಒಳಗುಟ್ಟಿದೆ, ಇನ್ನೂ ದಿನ ತುಂಬಿಲ್ಲ ಅಂತ ಅವಳಿಗೆ ನೆನಪಿಸುತ್ತಿದ್ದಾನೆ. ಮೊದಲು ಪಗಡೆಯಲ್ಲೇ ಇವಳನ್ನು ಸೋತವನು ಈಗ ಪಗಡೆಗೆ ಅಡ್ಡಿ ಮಾಡಬೇಡ ಅನ್ನುತ್ತಾನೆ. ಅವನ ವೇಷ ಅವತ್ತು ಒಂದಿಷ್ಟೂ ಜಾರಲಿಲ್ಲ. ಅದಕ್ಕೆ ತೆತ್ತ ಬೆಲೆ ಮಾತ್ರ ಅವಳದ್ದು.

ಅವತ್ತು ರಾತ್ರಿ ಅವಳು ಧರ್ಮರಾಯನ ಹತ್ತಿರ ಹೋಗಲಿಲ್ಲ. ಅರ್ಜುನನ ಹತ್ತಿರವೂ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಮಲಗಿದ್ದ ಭೀಮನನ್ನು ಎಬ್ಬಿಸಿದಳು. ಯುಧಿಷ್ಠಿರನನ್ನು ಗಂಡನಾಗಿ ಪಡೆದವಳಿಗೆ ದುಃಖ ಇಲ್ಲದಿರಲು ಸಾಧ್ಯವಾ ಅಂತ ಶುರು ಮಾಡಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡಳು. ಕೊನೆಗೆ ಕೈ ತೋರಿಸಿದಳು. ಗಂಧ ತೇಯ್ದು ತೇಯ್ದು ಅಂಗೈ ದಡ್ಡುಗಟ್ಟಿತ್ತು. "ಕುಂತಿಗೂ ನಿಮಗೂ ಹೆದರದಿದ್ದ ನಾನು ಈಗ ವಿರಾಟನ ಮುಂದೆ ಹೆದರಿ ನಿಲ್ಲುತ್ತೇನೆ. ಗಂಧ ಸರಿಯಾಗಿದೆ ಅನ್ನುತ್ತಾನೋ ಇಲ್ಲವೋ ಅಂತ. ಬೇರೆಯವರು ತೇಯ್ದದ್ದು ಅವನಿಗೆ ಹಿಡಿಸಲ್ಲ" ಅಂದಳು. ಭೀಮ ಆ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಅತ್ತ.

ಕೈಗಳನ್ನು ಗಮನಿಸಿ. ಅರ್ಜುನನ ತೋಳಿನ ಗುರುತು ಹಳೆಯ ಬದುಕಿನದು, ಅದನ್ನು ಬಳೆ ಮುಚ್ಚಿತು. ದ್ರೌಪದಿಯ ಅಂಗೈಯ ಗುರುತು ಈ ವರ್ಷವೇ ಹೊಸದಾಗಿ ಬಿದ್ದದ್ದು. ಹತ್ತು ತಿಂಗಳು ಆಳಾಗಿ ನಟಿಸಿದರೆ ಮೈ ಅದನ್ನು ನಟನೆ ಅಂತ ತಿಳಿಯಲ್ಲ. ಹೆದರಿಕೆಯೂ ಹಾಗೆಯೇ. ಗಂಧ ಚೆನ್ನಾಗಿಲ್ಲ ಅಂದಾನು ಅನ್ನೋ ಅವಳ ಭಯ ನಟನೆ ಆಗಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ರಾತ್ರಿ ಖಾಲಿ ಇರುವ ನಾಟ್ಯಶಾಲೆಗೆ ಕೀಚಕನನ್ನು ಕರೆಸಿದರು, ಕತ್ತಲಲ್ಲಿ ಭೀಮ ಅವನನ್ನು ಮಾಂಸದ ಮುದ್ದೆ ಮಾಡಿದ. ಊರವರು ಗಂಧರ್ವರ ಕೆಲಸ ಅಂದುಕೊಂಡರು. ಸಭೆಯಲ್ಲಿ ಒತ್ತಿ ಹಿಡಿದ ಸಿಟ್ಟು ಹೋಗಿರಲಿಲ್ಲ, ಕತ್ತಲಿಗಾಗಿ ಕಾದಿತ್ತು. ರಾಣಿ ಹೆದರಿ, ನೀನು ಊರು ಬಿಟ್ಟು ಹೋಗು ಅಂತ ಸೈರಂಧ್ರಿಗೆ ಹೇಳಿದಳು. ಸೈರಂಧ್ರಿ ಕೇಳಿದ್ದು ಇನ್ನು ಹದಿಮೂರು ದಿನ ಮಾತ್ರ. ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು.

ಅತ್ತ ಹಸ್ತಿನಾವತಿಯಲ್ಲಿ ಗೂಢಚಾರರು ಬರಿಗೈಲಿ ವಾಪಸಾದರು. ಆಗ ಭೀಷ್ಮ ಬೇರೆ ದಾರಿ ಹೇಳುತ್ತಾನೆ. ಮುಖ ಹುಡುಕಬೇಡಿ, ಊರು ನೋಡಿ. ಯುಧಿಷ್ಠಿರ ಇರುವ ಕಡೆ ಮಳೆ ಕಾಲಕ್ಕೆ ಸರಿಯಾಗಿ ಬರುತ್ತದೆ, ಹಸುಗಳು ಮೈ ತುಂಬಿಕೊಂಡಿರುತ್ತವೆ, ಹಾಲು ಮೊಸರಿಗೆ ರುಚಿ ಇರುತ್ತದೆ. ಮಳೆ ಹೋದಾಗ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ರೂಢಿ ಇದೆ. ಭೀಷ್ಮನ ಈ ಮಾತಿನ ಜೊತೆ ಇಟ್ಟು ನೋಡಿದರೆ ಆ ರೂಢಿ ಎಷ್ಟು ಸಹಜ ಅನಿಸುತ್ತದೆ. ಹಾನಗಲ್ಲಿನವರಿಗಂತೂ ಇದು ತಮ್ಮೂರಿನದೇ ಕಥೆ. ಹಳೆಯ ಶಾಸನಗಳು ಆ ಊರನ್ನು ವಿರಾಟನಗರಿ ಅಂತಲೇ ಕರೆಯುತ್ತವೆ.

ಕೀಚಕ ಸತ್ತ ಮೇಲೆ ಮತ್ಸ್ಯದೇಶಕ್ಕೆ ಬಲ ಇಲ್ಲ ಅಂತ ತ್ರಿಗರ್ತದ ಸುಶರ್ಮ ದಕ್ಷಿಣದಿಂದ ದನ ಹಿಡಿಯಲು ಬಂದ. ಮರುದಿನ ಕೌರವರು ಇನ್ನೊಂದು ಕಡೆಯಿಂದ ಅರವತ್ತು ಸಾವಿರ ದನ ಹೊಡೆದರು. ಅರಮನೆಯಲ್ಲಿ ಉಳಿದಿದ್ದ ಗಂಡಸು ಉತ್ತರಕುಮಾರ. "ಉತ್ತರನ ಪೌರುಷ ಒಲೆ ಮುಂದೆ" ಅಂತ ನಾವು ಇವತ್ತಿಗೂ ಆಡಿಕೊಳ್ಳುವ ಹುಡುಗ. ಬೃಹನ್ನಳೆ ಅವನ ಸಾರಥಿಯಾಗಿ ಹೊರಟ. ಹೊರಡುವಾಗಲೂ ವೇಷ ಬಿಡಲಿಲ್ಲ. ಕವಚವನ್ನು ಬೇಕಂತಲೇ ತಪ್ಪಾಗಿ ತೊಡಲು ಹೋಗಿ ಹುಡುಗಿಯರನ್ನು ನಗಿಸಿದ. ಆ ನಗುವಿನ ನಡುವೆ ಉತ್ತರೆ, ನಮ್ಮ ಗೊಂಬೆಗಳಿಗೆ ಬಣ್ಣ ಬಣ್ಣದ ಬಟ್ಟೆ ತಂದುಕೊಡು ಅಂತ ಕೇಳಿದಳು. ಆಗಲಿ ಅಂದ ಬೃಹನ್ನಳೆ.

ಕೌರವ ಸೇನೆ ಕಂಡು ಉತ್ತರ ರಥದಿಂದ ಹಾರಿ ಓಡಿದ. ಅವನ ಹಿಂದೆ ಜಡೆ, ಕೆಂಪು ಬಟ್ಟೆ ಹಾರಿಸಿಕೊಂಡು ಅರ್ಜುನ ಓಡಿದ. ಸೈನಿಕರು ನಕ್ಕರು. ಆದರೆ ಕೆಲವರಿಗೆ ಅನುಮಾನ ಬಂತು. ವೇಷ ಹೆಣ್ಣಿನ ಹಾಗಿದೆ, ತಲೆ ಅರ್ಜುನನದು, ಕತ್ತು ಅರ್ಜುನನದು, ತೋಳು ಅರ್ಜುನನದು. ಒಂದು ವರ್ಷ ಮೆಲ್ಲಗೆ ನಡೆದವನು ಜೋರಾಗಿ ಓಡಿದ ತಕ್ಷಣ ಸಿಕ್ಕಿಬಿದ್ದ.

ಹಾಗಾದರೆ ಅಜ್ಞಾತವಾಸ ಸೋತಂತೆಯೇ? ದುರ್ಯೋಧನ ಕೇಳಿದ್ದು ಇದನ್ನೇ, ಭೀಷ್ಮ ಉತ್ತರ ಕೊಟ್ಟದ್ದು ಪಂಚಾಂಗದ ಲೆಕ್ಕದಲ್ಲಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ಪ್ರತಿ ವರ್ಷ ಹನ್ನೊಂದು ದಿನದ ವ್ಯತ್ಯಾಸ. ಅದನ್ನು ಸರಿಮಾಡಲು ನಾವು ಅಧಿಕ ಮಾಸ ಸೇರಿಸುತ್ತೇವೆ. ಐದು ವರ್ಷಕ್ಕೆ ಎರಡು ತಿಂಗಳು ಹೆಚ್ಚಾಗುತ್ತದೆ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗುತ್ತದೆ ಅಂತ ಭೀಷ್ಮನ ಲೆಕ್ಕ. ಆ ಹೆಚ್ಚಿನ ದಿನಗಳನ್ನೂ ಹಿಡಿದರೆ ಪಾಂಡವರ ಗಡುವು ಮುಗಿದಿದೆ. ಅಧಿಕ ಮಾಸವನ್ನು ಲೆಕ್ಕಕ್ಕೆ ಹಿಡಿಯದವನಿಗೆ ಇನ್ನೂ ತಿಂಗಳುಗಳು ಬಾಕಿ ಕಾಣುತ್ತವೆ. ಪಣ ಕಟ್ಟುವಾಗ ವರ್ಷ ಎಂದರೆ ಯಾವ ವರ್ಷ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಜಗಳ ಅಲ್ಲಿಗೆ ತೀರಲೂ ಇಲ್ಲ.

ಕೊನೆಯ ಪರೀಕ್ಷೆ ಗಡುವು ಮುಗಿದ ಮೇಲೆ ಬಂತು. ಮಗ ಗೆದ್ದ ಅಂತ ವಿರಾಟ ಕುಣಿದಾಡುತ್ತಾ ಕಂಕನ ಜೊತೆ ಪಗಡೆಗೆ ಕೂತ. ಬೃಹನ್ನಳೆ ಸಾರಥಿ ಆಗಿದ್ದಾಗ ಗೆಲ್ಲದೆ ಇರುತ್ತಾನೆಯೇ ಅಂತ ಕಂಕ ಮತ್ತೆ ಮತ್ತೆ ಹೇಳಿದ. ಸಿಟ್ಟಿಗೆದ್ದ ವಿರಾಟ ದಾಳದಿಂದ ಅವನ ಮುಖಕ್ಕೆ ಹೊಡೆದ. ಮೂಗಿನಿಂದ ರಕ್ತ ಬಂತು. ಧರ್ಮರಾಯ ಅದು ನೆಲಕ್ಕೆ ಬೀಳುವ ಮುಂಚೆ ಅಂಗೈಯಲ್ಲಿ ಹಿಡಿದು, ಪಕ್ಕದಲ್ಲಿದ್ದ ದ್ರೌಪದಿಯ ಕಡೆ ನೋಡಿದ. ಅವಳು ನೀರು ತುಂಬಿದ ಚಿನ್ನದ ಪಾತ್ರೆ ತಂದು ರಕ್ತ ಹಿಡಿದಳು. ಉತ್ತರ ಮಾತ್ರ ಒಳಗೆ ಬರಲಿ, ಬೃಹನ್ನಳೆ ಬೇಡ ಅಂತ ಧರ್ಮರಾಯ ಬಾಗಿಲವನ ಕಿವಿಯಲ್ಲಿ ಹೇಳಿದ. ಯುದ್ಧದ ಹೊರಗೆ ಅಣ್ಣನ ರಕ್ತ ಸುರಿಸಿದವನನ್ನು ಅರ್ಜುನ ಉಳಿಸಲ್ಲ. ಈಗ ಅವನು ಕಾಯುತ್ತಿದ್ದದ್ದು ತನ್ನ ಗುಟ್ಟನ್ನಲ್ಲ, ಹೊಡೆದವನ ಜೀವವನ್ನು. ಮಾತಿಲ್ಲದೆ ಪಾತ್ರೆ ಹಿಡಿದ ದ್ರೌಪದಿಯನ್ನು ನೋಡುವಾಗ ಮಾತ್ರ ನನಗೆ ಮತ್ತೆ ಆ ಸಭೆಯ ನೆನಪಾಗುತ್ತದೆ. ಅವಳು ಬಿದ್ದಾಗ ಯಾರೂ ಹೀಗೆ ಎದ್ದು ಬಂದಿರಲಿಲ್ಲ.

ಮೂರನೇ ದಿನ ಅವರು ಸ್ನಾನ ಮಾಡಿ, ಬಿಳಿಯ ಬಟ್ಟೆ ಉಟ್ಟು, ಸಭೆಯಲ್ಲಿ ರಾಜರ ಆಸನಗಳ ಮೇಲೆ ಕೂತರು. ಪಗಡೆಯಾಡುವವನು ಅಲ್ಲಿ ಯಾಕೆ ಕೂತಿದ್ದಾನೆ ಅಂತ ವಿರಾಟ ಕೇಳಿದಾಗ ಅರ್ಜುನ ಎಲ್ಲ ಹೇಳಿದ. ನಾಚಿಕೆ, ಸಂತೋಷ ಎರಡೂ ಆಗಿ ವಿರಾಟ ಮಗಳನ್ನು ಅರ್ಜುನನಿಗೇ ಕೊಡುತ್ತೇನೆ ಅಂದ. ಅರ್ಜುನ ಒಪ್ಪಲಿಲ್ಲ. ಒಂದು ವರ್ಷ ಅಂತಃಪುರದಲ್ಲಿ ಅವಳ ಜೊತೆ ಇದ್ದೆ, ಅವಳು ನನ್ನನ್ನು ತಂದೆಯ ಹಾಗೆ, ಗುರುವಿನ ಹಾಗೆ ನಂಬಿದಳು, ಸೊಸೆಯಾಗಿ ಸ್ವೀಕರಿಸುತ್ತೇನೆ ಅಂದ. ಹಾಗೆ ಉತ್ತರೆ ಅಭಿಮನ್ಯುವಿನ ಹೆಂಡತಿಯಾದಳು.

ಅವನು ಹೀಗೆ ಹೇಳುತ್ತಾನೆ ಅಂತ ರಣರಂಗದಲ್ಲೇ ಸುಳಿವು ಸಿಕ್ಕಿತ್ತು. ಅಲ್ಲಿ ಅರ್ಜುನ ಬಳೆ ಕಳಚಿಟ್ಟು, ಜಡೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಾಂಡೀವ ಹಿಡಿದಿದ್ದ. ಬೃಹನ್ನಳೆ ಮುಗಿದು ಹೋಗಿತ್ತು. ಸಮ್ಮೋಹನಾಸ್ತ್ರಕ್ಕೆ ಕೌರವರು ಮೈಮರೆತು ಬಿದ್ದಾಗ ಅವನಿಗೆ ನೆನಪಾದದ್ದು ಹೊರಡುವಾಗ ಆ ಹುಡುಗಿ ಕೇಳಿದ ಮಾತು. ಹೋಗು, ದ್ರೋಣ ಕೃಪರ ಬಿಳಿಯ ಬಟ್ಟೆ, ಕರ್ಣನ ಹಳದಿ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ತೆಗೆದುಕೊಂಡು ಬಾ, ಭೀಷ್ಮನಿಗೆ ಎಚ್ಚರ ಇದೆ, ಅವನ ಹತ್ತಿರ ಹೋಗಬೇಡ ಅಂತ ಉತ್ತರನಿಗೆ ಹೇಳಿದ. ಮತ್ತೆ ಜಡೆ ಹಾಕಿಕೊಂಡು ಊರಿಗೆ ಬಂದು, ವಿರಾಟನ ಅಪ್ಪಣೆ ಕೇಳಿ, ಆ ಬಟ್ಟೆಗಳನ್ನು ತಾನೇ ಹೋಗಿ ಉತ್ತರೆಯ ಕೈಗೆ ಕೊಟ್ಟ.